‘ಬರೆ’ ಮತ್ತು ‘ಬರೆಯಬಹುದು’

2004ರ ಜೂನ್‌ನಲ್ಲಿ, ಸುರಿಯುವ ಮಳೆಗಾಲದಲ್ಲಿಯೇ, ಗೋವೆಯ ವಾಸ್ಕೋ ಬಳಿಯ ಬೈನಾ ಕಡಲತೀರದ ವಸತಿಗಳನ್ನು ಕೆಡವಲಾಯಿತು. ನೆಲೆ ಕಳೆದುಕೊಂಡವರಲ್ಲಿ ಕನ್ನಡಿಗರೂ ಇದ್ದರು. ಅಂತಹ ಮಗುವಿಗೆ ‘ನಿನ್ನ ಮನೆಯ ಬಗ್ಗೆ ಬರೆ’ ಎಂಬ ಪ್ರಬಂಧವೇ ಪೆಟ್ಟಾಗಬಲ್ಲದು. ‘ಮನೆ, ಮರ, ಸಮುದ್ರ, ಯಾವುದನ್ನಾದರೂ ಬರೆಯಬಹುದು, ಎಲ್ಲರೆದುರು ಓದಬೇಕಾಗಿಲ್ಲ’ ಎಂದರೆ ಪಾಠಕ್ಕೆ ಕೊರತೆಯಿಲ್ಲ, ಮಗುವಿಗೆ ಆಯ್ಕೆ ದೊರೆಯುತ್ತದೆ.

ಚಿಕಿತ್ಸಾಲಯದಲ್ಲಿ ‘ಕೈ ಚಾಚು’ ಎನ್ನುವ ಬದಲು, ‘ಈಗ ರಕ್ತದೊತ್ತಡ ನೋಡುತ್ತೇನೆ, ಪಟ್ಟಿ ತುಸು ಬಿಗಿಯುತ್ತದೆ, ಯಾವ ಕೈ ಕೊಡುವಿರಿ? ಸಾಕೆಂದರೆ ನಿಲ್ಲಿಸುತ್ತೇನೆ’ ಎನ್ನಬಹುದು.

ಆದರೆ ಸಾಕೆಂದಾಗ ನಿಲ್ಲಿಸದಿದ್ದರೆ ಮೃದುವಾದ ದನಿಯೂ ಅಪ್ಪಣೆಯೇ. ಎಲ್ಲಕ್ಕೂ ‘ಹೂಂ’ ಎನ್ನುವವರು ಒಪ್ಪಿದರೆಂದು ಭಾವಿಸಲಾಗದು. ಭಯವೂ ಹಾಗೆಯೇ ನುಡಿಯುತ್ತದೆ. ‘ಬೇಡ’ ಎಂಬ ಉತ್ತರಕ್ಕೆ ಎಡೆಯಿದ್ದಾಗ ಮಾತ್ರ ನಮ್ಮ ‘ಬಹುದು’ ಅರ್ಥವುಳ್ಳದ್ದು.