ಕೈಗಡಿಯಾರದ ಲೆಕ್ಕ ನಂಬಿ ಈಜುವ ಮುನ್ನ

ಈಚೆಗೆ ಒಂದು ಸಂಜೆ ಲಕ್ಷ್ಮೀಪುರಂನ ನನ್ನ ಚಿಕಿತ್ಸಾಲಯಕ್ಕೆ ಅರವತ್ತೊಂದು ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬಂದರು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು, ಆದರೆ ಪಥ್ಯ, ಮಾತ್ರೆ, ವ್ಯಾಯಾಮ ಯಾವುದರಲ್ಲೂ ತಪ್ಪದವರು. ಕುಳಿತವರೇ, "ಡಾಕ್ಟ್ರೇ, ನನ್ನ ಶಕ್ತಿ ಅರ್ಧಕ್ಕೆ ಇಳಿದುಬಿಟ್ಟಿದೆ. ಹಾರ್ಟಿಗೆ ಏನೋ ಆಗಿದೆ, ಇ.ಸಿ.ಜಿ. ಮಾಡಿಬಿಡಿ" ಎಂದರು.

ಅವರ ಗಾಬರಿಗೆ ಕಾರಣ ಕೈಯಲ್ಲಿದ್ದ ಸ್ಮಾರ್ಟ್‌ವಾಚ್. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಮಗನೇ ಕೊಡಿಸಿ, ಎಲ್ಲವನ್ನೂ ಹೊಂದಿಸಿ ಕೈಗೆ ಕಟ್ಟಿದ್ದ. ಅಲ್ಲಿಯ ವಸತಿ ಸಮುಚ್ಚಯದ ಈಜುಕೊಳದಲ್ಲಿ 40 ನಿಮಿಷ ಈಜಿದರೆ ವಾಚು 900 ಎಂದು ತೋರಿಸುತ್ತಿತ್ತು. ಮೈಸೂರಿಗೆ ಮರಳಿ ಸರಸ್ವತೀಪುರಂನ ವಿಶ್ವವಿದ್ಯಾನಿಲಯದ ಕೊಳದಲ್ಲಿ ಅದೇ 40 ನಿಮಿಷ ಈಜಿದರೆ 400 ಮಾತ್ರ. ಮೂರು ವಾರ ನೋಡಿದರು, ಸಂಖ್ಯೆ ಮೇಲೇರಲಿಲ್ಲ. ಅಂದು ಬೆಳಿಗ್ಗೆ, 900 ಆಗುವವರೆಗೆ ಮೇಲೇಳುವುದಿಲ್ಲ ಎಂದು ಹಟ ತೊಟ್ಟು ನೀರಿಗಿಳಿದರು. ಒಂದು ಗಂಟೆ ಹತ್ತು ನಿಮಿಷವಾದಾಗ ವಾಚು 700 ತೋರಿಸುತ್ತಿತ್ತು. ಆಗ ಕೈ ನಡುಗತೊಡಗಿತು, ಕಣ್ಣು ಮಂಜಾಯಿತು. ಹೇಗೋ ಮೆಟ್ಟಿಲು ಹಿಡಿದು ಹತ್ತಿ ಕುಳಿತರು. ಯಾರೋ ಪುಣ್ಯಾತ್ಮರು ಸಕ್ಕರೆ ಹೆಚ್ಚು ಹಾಕಿದ ಕಾಫಿ ಕುಡಿಸಿದ ಮೇಲೆ ಚೇತರಿಸಿಕೊಂಡರು.

ಎದೆನೋವು, ಏದುಸಿರು, ಕಾಲಿನ ಬಾವು ಇವುಗಳ ಬಗ್ಗೆ ಕೇಳಿದೆ. ಯಾವುದೂ ಇರಲಿಲ್ಲ. ರಕ್ತದೊತ್ತಡವಾಗಲಿ ಇ.ಸಿ.ಜಿ. ಆಗಲಿ ಮೊದಲಿನಿಂದ ಬದಲಾಗಿರಲಿಲ್ಲ. ಆಮೇಲೆ, "ಸಾರ್, ಆ ವಾಚನ್ನು ಒಮ್ಮೆ ಕೊಡಿ" ಎಂದೆ. ಈಜಿನ ವಿಭಾಗ ತೆರೆದು ನೋಡಿದರೆ ಕೊಳದ ಉದ್ದ ಎಂಬಲ್ಲಿ 25 yd ಎಂದಿತ್ತು. ಅಂದರೆ 25 ಗಜ. ಅವರು ಈಜುತ್ತಿದ್ದ ಮೈಸೂರಿನ ಕೊಳದ ಉದ್ದ 50 ಮೀಟರ್!

ವಾಚು ದೂರವನ್ನು ಅಳೆಯುವುದಿಲ್ಲ

ಓದುಗರು ಮೊದಲು ತಿಳಿಯಬೇಕಾದ ಸಂಗತಿ ಇದು. ರಸ್ತೆಯಲ್ಲಿ ನಡೆಯುವಾಗ ವಾಚು ಉಪಗ್ರಹಗಳ ಸಂಕೇತ ಹಿಡಿದು ದೂರ ಅಳೆಯಬಲ್ಲದು. ನೀರಿನೊಳಗೆ ಮುಳುಗಿದ ಕೈಗೆ ಆ ಸಂಕೇತ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಈಜುಕೊಳದಲ್ಲಿ ವಾಚು ಬೇರೊಂದು ಉಪಾಯ ಮಾಡುತ್ತದೆ. ಅದರೊಳಗಿನ ಚಲನೆಯ ಸಂವೇದಕಗಳು ಕೈ ಬೀಸುವ ಲಯವನ್ನು ಗಮನಿಸುತ್ತಿರುತ್ತವೆ. ಗೋಡೆ ಮುಟ್ಟಿ ತಿರುಗಿ, ಕಾಲಿನಿಂದ ಒದ್ದು, ಕೈ ಚಾಚಿ ಜಾರಿದಾಗ ಆ ಲಯ ಒಂದು ಕ್ಷಣ ಕಡಿಯುತ್ತದೆ. ಅದನ್ನು ಕಂಡ ವಾಚು 'ಒಂದು ಉದ್ದ ಮುಗಿಯಿತು' ಎಂದು ಬರೆದುಕೊಳ್ಳುತ್ತದೆ. ಕೊನೆಗೆ ಆ ಸಂಖ್ಯೆಯನ್ನು ನಾವು ಹೇಳಿಕೊಟ್ಟ ಕೊಳದ ಉದ್ದದಿಂದ ಗುಣಿಸುತ್ತದೆ, ಅಷ್ಟೆ.

ನಮ್ಮ ಅಧಿಕಾರಿಗಳ ಲೆಕ್ಕವನ್ನೇ ನೋಡಿ. ಅಮೆರಿಕದಲ್ಲಿ 36 ಉದ್ದ, ಒಂದೊಂದೂ 25 ಗಜ, ಒಟ್ಟು 900 ಗಜ. ಇದು ಮೀಟರಿನಲ್ಲಿ ಸುಮಾರು 823. ಮೈಸೂರಿನಲ್ಲಿ 16 ಉದ್ದ, ಒಂದೊಂದೂ 50 ಮೀಟರ್, ಒಟ್ಟು 800 ಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ವಾಚು ಇಲ್ಲಿಯ 16ನ್ನೂ 25ರಿಂದ ಗುಣಿಸಿ 400 ಎಂದಿತು. ಅವರ ಶಕ್ತಿ ಇಳಿದಿರಲೇ ಇಲ್ಲ.

ಹಾಗಾದರೆ ನಡುಕ ಬಂದ ದಿನ? ವಾಚಿನ 700 ಎಂದರೆ 28 ಉದ್ದ. 28ನ್ನು 50ರಿಂದ ಗುಣಿಸಿದರೆ 1400 ಮೀಟರ್! ದಿನಕ್ಕೆ 800 ಮೀಟರಿಗೆ ಒಗ್ಗಿದ ದೇಹ, ಬೆಳಿಗ್ಗೆ ಎರಡು ಇಡ್ಲಿ, ಜೊತೆಗೆ ಗ್ಲಿಮಿಪಿರೈಡ್ ಮಾತ್ರೆ. ಈ ಜಾತಿಯ ಮಾತ್ರೆಯಾಗಲಿ ಇನ್ಸುಲಿನ್ ಆಗಲಿ ತೆಗೆದುಕೊಳ್ಳುವವರಲ್ಲಿ ವ್ಯಾಯಾಮ ಏಕಾಏಕಿ ಹೆಚ್ಚಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರ ನಡುಕ, ಸಿಹಿ ಕಾಫಿಯಿಂದ ಬಂದ ಚೇತರಿಕೆ, ಎರಡೂ ಅದನ್ನೇ ಹೇಳುತ್ತವೆ. ನೆಲದ ಮೇಲಾದರೆ ಮೈ ಬೆವರುವುದು ಮುಂಚೆಯೇ ಎಚ್ಚರಿಕೆ ಕೊಡುತ್ತದೆ. ನೀರಿನಲ್ಲಿ ಬೆವರು ತಿಳಿಯುವುದೇ ಇಲ್ಲ. ತಪ್ಪು ಉದ್ದದ ಒಂದು ಅಂಕಿ ಒಬ್ಬ ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದು ನೋಡಿ.

ಉದ್ದ ಸರಿಪಡಿಸಿದ ಮೇಲೂ ತಪ್ಪು

ಅಲ್ಲಿಯೇ ಕುಳಿತು ವಾಚಿನಲ್ಲಿ 50 m ಎಂದು ಬದಲಾಯಿಸಿದೆವು. ಕೆಲವು ವಾಚುಗಳಲ್ಲಿ ಇದು Pool Size ಎಂಬ ಹೆಸರಿನಲ್ಲಿರುತ್ತದೆ, ಕೆಲವು ಪ್ರತಿ ಸಲ ಈಜು ಆರಂಭಿಸುವಾಗಲೇ ಉದ್ದವನ್ನು ತೋರಿಸುತ್ತವೆ. ಅಂಕಿಯನ್ನಷ್ಟೇ ಅಲ್ಲ, ಪಕ್ಕದಲ್ಲಿರುವುದು m ಎಂದೋ yd ಎಂದೋ ಎಂಬುದನ್ನೂ ನೋಡಬೇಕು. ಕೊಳ ಬದಲಾದಾಗಲೆಲ್ಲ ನೋಡಬೇಕು. ಉದ್ದ ಗೊತ್ತಿಲ್ಲದಿದ್ದರೆ ಕೊಳದ ಸಿಬ್ಬಂದಿಯನ್ನು ಕೇಳಿ, ಅಂದಾಜು ಬೇಡ. ಮನೆಯವರೆಲ್ಲ 'ಒಂದು ರೌಂಡ್' ಎನ್ನುವುದು ಹೋಗಿ ಬರುವುದಕ್ಕೆ. ವಾಚು ಎಣಿಸುವುದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ. ಈ ಗೊಂದಲವೂ ಲೆಕ್ಕವನ್ನು ಇಮ್ಮಡಿಯೋ ಅರ್ಧವೋ ಮಾಡುತ್ತದೆ.

ಎರಡು ವಾರ ಬಿಟ್ಟು ಅವರು ಮತ್ತೆ ಬಂದರು. ಈ ಸಲ ಗಾಬರಿ ಇರಲಿಲ್ಲ, ಕುತೂಹಲವಿತ್ತು. ಒಂದು ದಿನ 16 ಉದ್ದ ಈಜಿದ್ದಕ್ಕೆ ವಾಚು 14 ಎಂದಿತಂತೆ, ಇನ್ನೊಂದು ದಿನ 18. ಉದ್ದದ ಅಂಕಿ ಸರಿಯಿದ್ದೂ ಎಣಿಕೆ ತಪ್ಪಲು ಕಾರಣ ನಾವು ಈಜುವ ರೀತಿ. ಗೋಡೆಯ ಬಳಿ ಕಾಲಿನಿಂದ ಒದೆಯದೆ ನಿಧಾನವಾಗಿ ತಿರುಗಿಕೊಂಡರೆ ವಾಚಿಗೆ ತಿರುವು ಕಾಣುವುದಿಲ್ಲ, ಎರಡು ಉದ್ದ ಒಂದಾಗುತ್ತದೆ. ಎದುರಿಗೆ ಮಕ್ಕಳು ಬಂದರೆಂದೋ ಉಸಿರು ತೆಗೆದುಕೊಳ್ಳಲೆಂದೋ ನಡುನೀರಿನಲ್ಲಿ ನಿಂತು ಮತ್ತೆ ಹೊರಟರೆ ಅದನ್ನೇ ತಿರುವೆಂದು ತಿಳಿದು ಒಂದನ್ನು ಎರಡು ಮಾಡುತ್ತದೆ.

ಯಾವ ತಪ್ಪಾಗಿದೆ ಎಂದು ಕಂಡುಹಿಡಿಯುವುದು ಸುಲಭ. ಪ್ರತಿ ಉದ್ದಕ್ಕೂ ತಗುಲಿದ ಸಮಯ, ಬೀಸಿದ ಕೈಗಳ ಸಂಖ್ಯೆ ಎರಡನ್ನೂ ಬಹುತೇಕ ವಾಚುಗಳು ಫೋನಿನಲ್ಲಿ ತೋರಿಸುತ್ತವೆ. ನಮ್ಮ ಅಧಿಕಾರಿಗಳಿಗೆ ಒಂದು ಉದ್ದಕ್ಕೆ ಸುಮಾರು 2 ನಿಮಿಷ 10 ಸೆಕೆಂಡು, 28 ಬೀಸು. 14 ಎಂದ ದಿನ ಎರಡು ಕಡೆ 4 ನಿಮಿಷ 20 ಸೆಕೆಂಡು, 56 ಬೀಸು ಎಂದಿತ್ತು. ಅಲ್ಲಿ ಎರಡು ತಿರುವು ತಪ್ಪಿಹೋಗಿದೆ. 18 ಎಂದ ದಿನ ನಾಲ್ಕು ತುಂಡು ಉದ್ದಗಳಿದ್ದವು, ಒಂದೊಂದೂ ಒಂದು ನಿಮಿಷದ ಆಸುಪಾಸು, 14 ಬೀಸು. ಎರಡು ಉದ್ದಗಳು ನಡುವೆ ತುಂಡಾಗಿದ್ದವು. 50 ಮೀಟರ್ ಕೊಳದಲ್ಲಿ ಇಂಥ ಒಂದೊಂದು ತಪ್ಪಿಗೂ 50 ಮೀಟರ್ ಹೆಚ್ಚುಕಡಿಮೆಯಾಗುತ್ತದೆ.

ಈಜುವ ಶೈಲಿಯ ಪಾತ್ರ

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಫ್ರೀಸ್ಟೈಲ್‌ನಲ್ಲಿ ಹೊರಟು, ದಣಿದಾಗ ನಡುವೆ ಬ್ರೆಸ್ಟ್‌ಸ್ಟ್ರೋಕ್‌ಗೆ ಬದಲಾಗುವುದು. ಫ್ರೀಸ್ಟೈಲ್‌ನಲ್ಲಿ ಕೈ ನೀರಿನಿಂದ ಮೇಲೆದ್ದು ದೊಡ್ಡದಾಗಿ ಸುತ್ತುತ್ತದೆ, ವಾಚಿಗೆ ಅದು ಸ್ಪಷ್ಟ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕೈ ಸಣ್ಣದಾಗಿ ಚಲಿಸಿ, ಪ್ರತಿ ಸಲವೂ ಚಾಚಿ ಜಾರುತ್ತದೆ. ಈ ಜಾರುವಿಕೆ ಗೋಡೆ ಒದ್ದು ಜಾರಿದಂತೆಯೇ ತೋರಬಹುದು. ಮೇಲಾಗಿ ಒಂದು ಉದ್ದದ ನಡುವೆ ಶೈಲಿ ಬದಲಿಸಿದರೆ ಹೊಸ ಉದ್ದ ಶುರುವಾಯಿತೆಂದು ವಾಚು ಮೋಸಹೋಗುತ್ತದೆ. ಆದ್ದರಿಂದ ಶೈಲಿ ಬದಲಿಸುವುದಿದ್ದರೆ ಗೋಡೆಯ ಬಳಿಯೇ ಬದಲಿಸಿ.

ಹೆಚ್ಚಿನ ವಾಚುಗಳು ಶೈಲಿಯನ್ನು ತಾವೇ ಗುರುತಿಸುತ್ತವೆ. ಕೆಲವದರಲ್ಲಿ ಆ ಗುರುತಿಸುವಿಕೆಯನ್ನು ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯುವ ಅವಕಾಶವಿದೆ. ಶಾಸ್ತ್ರೋಕ್ತ ಶೈಲಿಯಿಲ್ಲದೆ ನಮ್ಮದೇ ರೀತಿಯಲ್ಲಿ ಈಜುವವರು ಶೈಲಿಯ ಹೆಸರು ತಪ್ಪಾಗಿ ಬಂದಿತೆಂದು ತಲೆ ಕೆಡಿಸಿಕೊಳ್ಳುವ ಬದಲು ಅದನ್ನು ತೆಗೆದುಹಾಕಿ, ಉದ್ದದ ಎಣಿಕೆಯನ್ನು ಮಾತ್ರ ಗಮನಿಸಬಹುದು. ವಾಚು ಯಾವ ಕೈಯಲ್ಲಿದೆ, ಎಡವೋ ಬಲವೋ ಎಂದು ಕೇಳುವ ಕಡೆ ಸರಿಯಾದುದನ್ನು ಕೊಡಿ.

ಹಲಗೆ ಹಿಡಿದು ಬರಿ ಕಾಲು ಬಡಿಯುವವರ ಕಷ್ಟ ಬೇರೆ. ಕೈ ಅಲುಗದಿದ್ದರೆ ಬಹಳ ವಾಚುಗಳಿಗೆ ಈಜು ಕಾಣುವುದೇ ಇಲ್ಲ. ಆಪಲ್ ವಾಚಿನಲ್ಲಿ 2022ರಿಂದ ಹಲಗೆಯ ಈಜನ್ನು ಗುರುತಿಸುವ ಸೌಲಭ್ಯ ಬಂದಿದೆ, ಗಾರ್ಮಿನ್‌ನ ಅನೇಕ ವಾಚುಗಳಲ್ಲಿ Drill Log ಎಂಬಲ್ಲಿ ಆ ದೂರವನ್ನು ನಾವೇ ತುಂಬಬೇಕು. ಹಾಗೆಯೇ ಗೋಡೆ ಹಿಡಿದು ವಿಶ್ರಮಿಸುವಾಗ ವಿರಾಮದ ಗುಂಡಿ ಒತ್ತಿ. ಮಾತನಾಡುತ್ತಾ ಕನ್ನಡಕ ಸರಿಪಡಿಸುವ ಕೈಯನ್ನೂ ವಾಚು ಈಜುವ ಕೈ ಎಂದುಕೊಳ್ಳಬಹುದು.

ಹುಣಸೆ ಬೀಜದ ಪರೀಕ್ಷೆ

ಇಷ್ಟೆಲ್ಲ ಮಾಡಿದ ಮೇಲೆ ವಾಚನ್ನು ಒಮ್ಮೆ ಪರೀಕ್ಷಿಸಿ. ಕೊಳದ ಒಂದು ಅಂಚಿನಲ್ಲಿ ಹತ್ತು ಹುಣಸೆ ಬೀಜ ಇಟ್ಟುಕೊಳ್ಳಿ. ಹೋಗಿ ಮರಳಿದಾಗಲೆಲ್ಲ ಎರಡು ಬೀಜ ಪಕ್ಕಕ್ಕೆ ಸರಿಸಿ. ಬೀಜ ಮುಗಿದಾಗ ಹತ್ತು ಉದ್ದ ಆಗಿರುತ್ತದೆ. ವಾಚೂ ಹತ್ತು ಎಂದರೆ ಸರಿ. ಇಲ್ಲದಿದ್ದರೆ ಮೇಲೆ ಹೇಳಿದಂತೆ ಪ್ರತಿ ಉದ್ದದ ಸಮಯ ನೋಡಿದರೆ ತಪ್ಪು ಸಿಗುತ್ತದೆ.

ಈ ಬೀಜಗಳಿಂದ ಇನ್ನೂ ದೊಡ್ಡ ಉಪಯೋಗವಿದೆ. ದೂರ ಕಡಿಮೆಯಾದದ್ದು ವಾಚಿನಲ್ಲೋ ನಿಮ್ಮಲ್ಲೋ ಎಂದು ಅವು ಹೇಳುತ್ತವೆ. ಅದೇ ಸಮಯದಲ್ಲಿ ಬೀಜದ ಲೆಕ್ಕ ಮೊದಲಿನಷ್ಟೇ ಇದ್ದು ವಾಚು ಮಾತ್ರ ಕಡಿಮೆ ತೋರಿಸಿದರೆ ವಾಚನ್ನು ಸರಿಪಡಿಸಿ. ಬೀಜದ ಲೆಕ್ಕವೇ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಜೊತೆಗೆ ಏದುಸಿರೋ ಎದೆ ಹಿಡಿದಂತಾಗುವುದೋ ಇದ್ದರೆ, ವಾಚನ್ನು ಬೈಯುತ್ತಾ ಕೂರಬೇಡಿ, ಕೂಡಲೇ ವೈದ್ಯರಲ್ಲಿಗೆ ಬನ್ನಿ.

ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯಕ್ಕಾಗಿ ಈಜುವವರು ಮೀಟರಿಗಿಂತ ನಿಮಿಷವನ್ನೇ ಹಿಡಿಯುವುದು ಮೇಲು. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದೂ ನಿಮಿಷಗಳಲ್ಲೇ. ಸಮಯವನ್ನು ಅಳೆಯುವುದರಲ್ಲಿ ವಾಚು ತಪ್ಪುವುದಿಲ್ಲ, ಅದು ಗಡಿಯಾರದ ಹುಟ್ಟುಗುಣ. ದೂರ ಹೆಚ್ಚಿಸುವ ಆಸೆಯಿದ್ದರೆ ಒಂದು ವಾರಕ್ಕೆ ಒಂದೆರಡು ಉದ್ದ ಹೆಚ್ಚಿಸಿ, ಪರದೆಯ ಮೇಲಿನ ಅಂಕಿ ಮುಟ್ಟುವ ಹಟ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈಜು ಹೆಚ್ಚಿಸುವ ಮುನ್ನ ನಿಮ್ಮ ವೈದ್ಯರಿಗೆ ತಿಳಿಸಿ. ಕೊಳದ ದಂಡೆಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವೊಂದಿರಲಿ, ಒಬ್ಬರೇ ಈಜಬೇಡಿ.

ನಮ್ಮ ಅಧಿಕಾರಿಗಳು ಈಗಲೂ 40 ನಿಮಿಷವೇ ಈಜುತ್ತಾರೆ. ವಾಚು 800 ಎನ್ನುತ್ತದೆ, ಬೀಜಗಳು 16 ಎನ್ನುತ್ತವೆ. ಅಮೆರಿಕದ ಮಗನಿಗೆ ಫೋನ್ ಮಾಡಿ, "ನೀನು ಗಜದಲ್ಲಿ ಅಳೆದು ಕಳಿಸಿದ ಅಪ್ಪ ಇಲ್ಲಿ ಮೀಟರಿನಲ್ಲಿ ಚೆನ್ನಾಗಿದ್ದಾನಪ್ಪ" ಎಂದರಂತೆ.