ರೋಣದ ಮಟ್ಟಿಗೆ ಗೆದ್ದದ್ದು ಉಗಿಬಂಡಿ

‘ಸಮಾಜವನ್ನು ಹೆಚ್ಚು ಬದಲಿಸಿದ್ದು ಮುದ್ರಣಯಂತ್ರವೋ, ಉಗಿಯಂತ್ರವೋ?’ ಚರ್ಚಾಸ್ಪರ್ಧೆಗೆ ಈ ವಿಷಯ ಕೊಟ್ಟರೆ ನಮ್ಮ ಯಾವಗಲ್ ಕಡೆಯ ಹುಡುಗರು ಬರೆದು ತರುವ ಭಾಷಣ ಹೇಗಿರುತ್ತದೆ ಅಂತ ಕೇಳದೆಯೇ ಹೇಳಬಹುದು. ಒಬ್ಬರದು ಗುಟೆನ್‌ಬರ್ಗ್, ಬೈಬಲ್, ಜ್ಞಾನದ ಬೆಳಕು. ಇನ್ನೊಬ್ಬರದು ಜೇಮ್ಸ್ ವ್ಯಾಟ್, ಕುದಿಯುವ ಕೆಟಲ್, ಇಂಗ್ಲೆಂಡಿನ ಕಾರ್ಖಾನೆ. (ವ್ಯಾಟ್ ಹುಟ್ಟುವ ಮೊದಲೇ, 1712ರಲ್ಲೇ, ನ್ಯೂಕಾಮನ್‌ನ ಉಗಿಯಂತ್ರ ಗಣಿಯ ನೀರು ಎತ್ತುತ್ತಿತ್ತು. ಕೆಟಲ್ ಕಥೆ ಬಿಟ್ಟುಬಿಡಿ, ಮಾಸ್ತರರೇ.) ಎರಡೂ ಭಾಷಣಗಳಲ್ಲಿ ಹೊಳೆಆಲೂರು ಸ್ಟೇಷನ್ ಮಾತ್ರ ಬರೋದಿಲ್ಲ. ನನ್ನ ತಕರಾರು ಇದೇ. ನಮ್ಮ ತಾಲ್ಲೂಕಿನೊಳಗೇ ಸಾಕ್ಷಿ ಇರುವಾಗ ಜರ್ಮನಿಗೆ ಯಾಕೆ ಹೋಗಬೇಕು?

ನಾನು ಉಗಿಯಂತ್ರದ ಪರ. ಕಾರಣ ಹೇಳುತ್ತೇನೆ.

1876ರಲ್ಲಿ, ಧಾತು ಸಂವತ್ಸರದಲ್ಲಿ, ದೊಡ್ಡ ಬರ ಬಿತ್ತು. ಸೊಲ್ಲಾಪುರಕ್ಕೆ ಆಗಲೇ ರೈಲು ಬಂದಿತ್ತು, ಹೊರಗಿನ ಕಾಳು ಅಲ್ಲಿವರೆಗೆ ತರಬಹುದಿತ್ತು. ಅಲ್ಲಿಂದ ರೋಣಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಚಕ್ಕಡಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆದರೆ ಹೋಗಲು ಹತ್ತು ದಿನ, ಬರಲು ಹತ್ತು ದಿನ. ಒಂದು ಜೋಡಿ ಎತ್ತಿಗೆ ದಿನಕ್ಕೆ ಕಡಿಮೆ ಹಿಡಿದರೂ ಹದಿನೈದು ಕೆಜಿ ಕಣಕಿ ಬೇಕು. ಇಪ್ಪತ್ತು ದಿನಕ್ಕೆ ಮೂರು ಕ್ವಿಂಟಲ್. ಚಕ್ಕಡಿ ಹೊರುವುದೇ ಎಂಟು ಕ್ವಿಂಟಲ್ ಅಂತ ಇಟ್ಟುಕೊಳ್ಳಿ. ಮಳೆ ಚೆನ್ನಾಗಿದ್ದ ವರ್ಷ ಎತ್ತು ದಾರಿಯಲ್ಲೇ ಮೇಯುತ್ತದೆ, ಹಳ್ಳದ ನೀರು ಕುಡಿಯುತ್ತದೆ. ಬರದ ವರ್ಷ ದಾರಿಯಲ್ಲಿ ಹುಲ್ಲೂ ಇಲ್ಲ, ನೀರೂ ಇಲ್ಲ. ಮನುಷ್ಯನ ಕಾಳಿಗಿಂತ ಮೊದಲು ಎತ್ತಿನ ಮೇವು ಮುಗಿಯುತ್ತದೆ, ಎತ್ತು ಬಿದ್ದರೆ ಕಾಳು ನಡುದಾರಿಯಲ್ಲಿ ನಿಲ್ಲುತ್ತದೆ. ಬಹಳ ಬೇಕಾದಾಗಲೇ ಚಕ್ಕಡಿ ಕೈಕೊಡುತ್ತಿತ್ತು. ಬರದಿಂದ ಕೆಡದ ಮೇವು ತಿನ್ನುವ ಎತ್ತು ಬೇಕಿತ್ತು. ಇದ್ದಿಲು ತಿನ್ನುವ ಎಂಜಿನ್ ಅಂಥದ್ದು.

1884ರಲ್ಲಿ ಸದರ್ನ್ ಮರಾಠಾ ಕಂಪನಿಯ ಹೊಟಗಿ–ಗದಗ ಮೀಟರ್‌ಗೇಜ್ ಹಳಿ, ಹೊಳೆಆಲೂರಿನ ಮೇಲೆ ಹಾಯ್ದು, ಓಡಾಟಕ್ಕೆ ತೆರೆಯಿತು. ಹೊಟಗಿಯ ಆಚೆ ಬ್ರಾಡ್‌ಗೇಜ್, ಹಾಗಾಗಿ ಮಾಲನ್ನು ಅಲ್ಲಿ ಇಳಿಸಿ ಮತ್ತೆ ಹೇರಬೇಕಿತ್ತು. ಆದರೂ ಹತ್ತು ದಿನದ ದಾರಿ ಒಂದೆರಡು ದಿನಕ್ಕಿಳಿಯಿತು. ಹತ್ತಿಯ ಕಥೆಯೂ ಹಾಗೆಯೇ. ಅದಕ್ಕೂ ಮೊದಲು ನಮ್ಮ ಧಾರವಾಡ ಸೀಮೆಯ ಅರಳೆ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಮಳೆಗಾಲ ಹಿಡಿದರೆ ಎಲ್ಲ ಬಂದ್. ಹಳಿ ಬಂದ ಮೇಲೆ ಗದಗಿನಲ್ಲಿ ಉಗಿಯಿಂದ ನಡೆಯುವ ಯಂತ್ರಗಳು ಅರಳೆ ಒತ್ತಿ ಬೇಲು ಕಟ್ಟಿದವು, ಬೇಲು ಡಬ್ಬಿ ಏರಿತು. ಹೊಲದಲ್ಲಿ ಜೋಳವೋ ಹತ್ತಿಯೋ ಅನ್ನುವ ಲೆಕ್ಕಕ್ಕೆ ಮುಂಬಯಿ ಧಾರಣೆ ಸೇರಿಕೊಂಡಿತು. ಇದಕ್ಕೆ ರೈತ ರೈಲು ಹತ್ತಬೇಕಿರಲಿಲ್ಲ, ನೋಡಬೇಕೂ ಇರಲಿಲ್ಲ.

ಪುಸ್ತಕಕ್ಕೆ ಆ ಶಕ್ತಿ ಇಲ್ಲ. ಪುಸ್ತಕ ಕೆಲಸ ಮಾಡಬೇಕಾದರೆ ಯಾರಾದರೂ ಓದಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಮೊಗ್ಲಿಂಗ್ 1843ರಲ್ಲೇ ಕಲ್ಲಚ್ಚಿನಲ್ಲಿ ತೆಗೆದರು. ಆಗ ರೋಣದ ಹಳ್ಳಿಗಳಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆ. ಇನ್ನೊಂದು ಮಾತು. ಕೈ ಮುದ್ರಣಯಂತ್ರದಲ್ಲಿ ಗಂಟೆಗೆ ಇನ್ನೂರು ಚಿಲ್ಲರೆ ಹಾಳೆ ಅಚ್ಚಾಗುತ್ತಿದ್ದವು. 1814ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಉಗಿಯಿಂದ ನಡೆಸಿದ್ದಕ್ಕೆ ಅದು ಸಾವಿರ ದಾಟಿತು. ದಿನಪತ್ರಿಕೆಯನ್ನು ಸಾವಿರಾರು ಜನರ ಕೈಗಿಟ್ಟ ಪುಣ್ಯದಲ್ಲೂ ಉಗಿಗೆ ಪಾಲಿದೆ.

ಎದುರಾಳಿ ಜಾಣನಾದರೆ ಆಲೂರು ವೆಂಕಟರಾಯರ ಹೆಸರು ಎತ್ತುತ್ತಾನೆ. ಎತ್ತಲೇಬೇಕು. ಅವರ ಮನೆತನದ ಊರು ಇದೇ ಹೊಳೆಆಲೂರು. 1917ರ ‘ಕರ್ನಾಟಕ ಗತವೈಭವ’, 1922ರಿಂದ ‘ಜಯಕರ್ನಾಟಕ’: ಮುಂಬಯಿ, ಮದರಾಸು, ಹೈದರಾಬಾದು ಅಂತ ಹರಿದುಹೋಗಿದ್ದ ಕನ್ನಡಿಗರಿಗೆ ನಾವೆಲ್ಲ ಒಂದು ಅನ್ನಿಸಿದ್ದರಲ್ಲಿ ಅಚ್ಚಿನ ಅಕ್ಷರದ ಪಾಲು ದೊಡ್ಡದು. ಇದನ್ನು ರೈಲು ಮಾಡಲಾರದು, ಒಪ್ಪಿದೆ. ಆದರೆ ಆ ಪುಸ್ತಕದಿಂದ 1956ರ ಏಕೀಕರಣಕ್ಕೆ 39 ವರ್ಷ ಹಿಡಿಯಿತು, ನಡುವೆ ಚಳವಳಿ, ಜೈಲು, ಉಪವಾಸ ಎಲ್ಲ ಬೇಕಾಯಿತು. ಪುಸ್ತಕ ಒಂದೇ ಮಾಡಿದ ಕೆಲಸ ಅಲ್ಲ ಅದು.

ಇನ್ನೊಂದು ಸವಾಲು ಬರುತ್ತದೆ, ಅದು ಇದಕ್ಕಿಂತ ಖಾರ: ರೈಲು ಕಾಳು ತಂದಂತೆ ಒಯ್ಯಲಿಲ್ಲವೇ? ಒಯ್ದಿತು. ಕಾಳು ಹಸಿವಿದ್ದಲ್ಲಿಗಲ್ಲ, ರೊಕ್ಕ ಇದ್ದಲ್ಲಿಗೆ ಹೋಗುತ್ತದೆ. 1896ರಲ್ಲಿ ಮತ್ತೆ ಬರ ಬಂದಾಗ ಹಳಿ ಇತ್ತು, ಕಾಳು ತರುವ ದಾರಿಯೂ ಇತ್ತು, ಕೊಳ್ಳುವ ಕೂಲಿ ಬಡವರ ಕೈಯಲ್ಲಿ ಇರಲಿಲ್ಲ. ಮೊದಲು ಬರ ಅಂದರೆ ಊರಲ್ಲಿ ಜೋಳ ಇಲ್ಲ ಅಂತ ಅರ್ಥ, ಆಮೇಲೆ ಕಿಸೆಯಲ್ಲಿ ಕಾಸಿಲ್ಲ ಅಂತ ಅರ್ಥವಾಯಿತು. ವಿಷಯ ಕೊಟ್ಟವರು ಯಾವುದು ಹೆಚ್ಚು ಒಳ್ಳೆಯದು ಮಾಡಿತು ಅಂತ ಕೇಳಿಲ್ಲ, ಯಾವುದು ಹೆಚ್ಚು ಬದಲಿಸಿತು ಅಂತ ಕೇಳಿದ್ದಾರೆ.