‘ಪ್ರತಿ ಸಲ ಶೇ 20 ಹೂಡಿ’ ಎನ್ನುವ ಕೆಲ್ಲಿ ಸೂತ್ರ: ಲೆಕ್ಕ ಸರಿಯಿದ್ದರೂ ಅರ್ಧ ಹೂಡುವುದೇ ಜಾಣತನ ಯಾಕೆ?

“ನಮ್ಮ ಸ್ಟ್ರಾಟಜಿ ಕಳೆದ 100 ಟ್ರೇಡ್‌ಗಳಲ್ಲಿ 60 ಗೆದ್ದಿದೆ. ವಿಜ್ಞಾನಿಯೊಬ್ಬರು ಕಂಡುಹಿಡಿದ ಸೂತ್ರದ ಪ್ರಕಾರ ಪ್ರತಿ ಸಲ ನಿಮ್ಮ ಹಣದ ಶೇ 20ರಷ್ಟು ಹಾಕಿ, ಅತಿ ವೇಗವಾಗಿ ಬೆಳೆಯುತ್ತದೆ.” ಇಂಥ ಸಂದೇಶಗಳು ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ನೀವೂ ನೋಡಿರಬಹುದು.

ಇದರಲ್ಲಿ ಹೇಳುವ ಸೂತ್ರ ಸುಳ್ಳಲ್ಲ. ವಿಜ್ಞಾನಿಯೂ ನಿಜ, ಶೇ 20 ಎಂಬ ಲೆಕ್ಕವೂ ಸರಿ. ಹಾಗಾದರೆ ತೊಂದರೆ ಎಲ್ಲಿದೆ? ‘60 ಗೆಲುವು’ ಎಂಬ ಸಂಖ್ಯೆಯಲ್ಲಿದೆ. ಅದು ಸ್ವಲ್ಪ ಹೆಚ್ಚುಕಡಿಮೆಯಾದರೂ ಇದೇ ಸರಿಯಾದ ಸೂತ್ರ ನಿಮ್ಮ ಹಣವನ್ನು ಕರಗಿಸುತ್ತದೆ. ಹೇಗೆ ಎಂದು ಈ ಲೇಖನದಲ್ಲಿ ಲೆಕ್ಕ ಹಾಕಿಯೇ ನೋಡೋಣ.

ಸೂತ್ರ ಏನು ಹೇಳುತ್ತದೆ?

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಕೆಲ್ಲಿ ಎಂಬ ವಿಜ್ಞಾನಿ 1956ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಅವರು ಕೇಳಿಕೊಂಡ ಪ್ರಶ್ನೆ ಇದು: ಒಬ್ಬ ಜೂಜುಗಾರನಿಗೆ ಫಲಿತಾಂಶದ ಬಗ್ಗೆ ಸ್ವಲ್ಪ ಒಳಸುಳಿವು ಸಿಗುತ್ತದೆ, ಆದರೆ ಆ ಸುಳಿವು ಆಗಾಗ ತಪ್ಪುತ್ತದೆ. ಹಣ ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಯಬೇಕಾದರೆ ಅವನು ಪ್ರತಿ ಸಲ ಕೈಯಲ್ಲಿರುವ ಹಣದ ಎಷ್ಟು ಪಾಲನ್ನು ಪಣಕ್ಕೆ ಇಡಬೇಕು?

ಗೆದ್ದರೆ ಇಟ್ಟಷ್ಟೇ ಲಾಭ, ಸೋತರೆ ಇಟ್ಟಷ್ಟೂ ನಷ್ಟ ಎನ್ನುವ ಆಟದಲ್ಲಿ ಉತ್ತರ ತುಂಬ ಸರಳ. ಗೆಲುವಿನ ಶೇಕಡಾವಾರಿನಿಂದ ಸೋಲಿನ ಶೇಕಡಾವಾರು ಕಳೆಯಿರಿ. ಶೇ 60 ಗೆಲುವು, ಶೇ 40 ಸೋಲು ಎಂದಾದರೆ ಉತ್ತರ ಶೇ 20. ಗೆಲುವು ಶೇ 55 ಮಾತ್ರ ಎಂದಾದರೆ ಶೇ 10. ಶೇ 50 ಆದರೆ ಸೊನ್ನೆ, ಅಂದರೆ ಹಣ ಹಾಕಲೇಬೇಡಿ.

ಗಮನಿಸಿ: ಇಲ್ಲಿ ಹೂಡುವುದು ಪ್ರತಿ ಸಲ ಒಂದೇ ಮೊತ್ತವಲ್ಲ, ಆ ಹೊತ್ತಿಗೆ ಕೈಯಲ್ಲಿರುವ ಹಣದ ಒಂದು ಪಾಲು. ಹಣ ಬೆಳೆದರೆ ಪಣವೂ ಬೆಳೆಯುತ್ತದೆ, ಕರಗಿದರೆ ಪಣವೂ ಚಿಕ್ಕದಾಗುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಲಾಭ ಅಲ್ಲವೇ?

ಅಲ್ಲ. ಬಹಳ ಜನ ಎಡವುವುದು ಇಲ್ಲಿಯೇ. 100 ರೂಪಾಯಿಯಲ್ಲಿ ಶೇ 40 ಹಾಕಿ ಸೋತರೆ 60 ಉಳಿಯುತ್ತದೆ. ಮುಂದಿನ ಸಲ ಮತ್ತೆ ಶೇ 40 ಹಾಕಿ ಗೆದ್ದರೆ 84 ಆಗುತ್ತದೆ. ಒಂದು ಸೋಲು, ಒಂದು ಗೆಲುವು ಸಮಸಮ ಅನ್ನಿಸಿದರೂ ಜೇಬಿನಿಂದ 16 ರೂಪಾಯಿ ಹೋಗಿರುತ್ತದೆ. ಶೇ 20 ಹಾಕಿದ್ದರೆ 80, ಆಮೇಲೆ 96. ಹೋಗುವುದು 4 ರೂಪಾಯಿ ಮಾತ್ರ. ಪಣ ಎರಡು ಪಟ್ಟಾದರೆ ಈ ಸವಕಳಿ ನಾಲ್ಕು ಪಟ್ಟಾಗುತ್ತದೆ.

ಈಗ 10,000 ರೂಪಾಯಿ ಇಟ್ಟುಕೊಂಡು 100 ಸಲ ಆಡಿ, ನಿಜವಾಗಿಯೂ 60 ಸಲ ಗೆದ್ದಿರಿ ಎಂದುಕೊಳ್ಳೋಣ. ಪ್ರತಿ ಸಲ ಶೇ 20 ಹಾಕಿದ್ದರೆ ಕೊನೆಗೆ ಸುಮಾರು 75,000 ರೂಪಾಯಿ ಇರುತ್ತದೆ. ಶೇ 40 ಹಾಕಿದ್ದರೆ? ಸುಮಾರು 7,800. 60 ಸಲ ಗೆದ್ದರೂ ನಷ್ಟ! ಗೆಲುವು ಸೋಲು ಯಾವ ಕ್ರಮದಲ್ಲಿ ಬಂದರೂ ಈ ಉತ್ತರ ಬದಲಾಗುವುದಿಲ್ಲ, ಯಾಕೆಂದರೆ ಇದು ಗುಣಾಕಾರ.

ಅಂದರೆ ಕೆಲ್ಲಿ ಹೇಳಿದ ಪಾಲು ಒಂದು ಗುಡ್ಡದ ತುದಿಯಿದ್ದಂತೆ. ಅಲ್ಲಿಯವರೆಗೆ ಪಣ ಹೆಚ್ಚಿಸಿದರೆ ಬೆಳವಣಿಗೆಯೂ ಹೆಚ್ಚುತ್ತದೆ, ಅದನ್ನು ದಾಟಿದರೆ ಇಳಿಯುತ್ತದೆ. ಸುಮಾರು ಎರಡು ಪಟ್ಟಿಗೆ ಬಂದಾಗ ಬೆಳವಣಿಗೆ ಸೊನ್ನೆಗೆ ಬಂದು, ಅಲ್ಲಿಂದಾಚೆ ಹಣ ಕರಗತೊಡಗುತ್ತದೆ.

ಗೆಲುವು ಗೊತ್ತಿದ್ದೂ ಕಳೆದುಕೊಂಡವರು

ಇದು ಬರೀ ಕಾಗದದ ಲೆಕ್ಕವಲ್ಲ. ವಿಕ್ಟರ್ ಹಘಾನಿ ಮತ್ತು ರಿಚರ್ಡ್ ಡ್ಯೂಯಿ ಎಂಬ ಇಬ್ಬರು ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 61 ಜನರಿಗೆ ತಲಾ 25 ಡಾಲರ್ ಕೊಟ್ಟು ಕಂಪ್ಯೂಟರಿನಲ್ಲಿ ನಾಣ್ಯ ಚಿಮ್ಮುವ ಆಟ ಆಡಿಸಲಾಯಿತು. ಹೆಡ್ ಬೀಳುವ ಸಾಧ್ಯತೆ ಶೇ 60 ಎಂದು ಮೊದಲೇ ಹೇಳಲಾಗಿತ್ತು. ಆಡಿದವರಲ್ಲಿ ಹೆಚ್ಚಿನವರು ಹಣಕಾಸು, ಅರ್ಥಶಾಸ್ತ್ರ ಓದುತ್ತಿದ್ದವರು ಅಥವಾ ಆ ಕ್ಷೇತ್ರದಲ್ಲೇ ಕೆಲಸ ಮಾಡುತ್ತಿದ್ದವರು. ಆದರೂ ಶೇ 28ರಷ್ಟು ಜನ ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡರು. ಮನಸ್ಸಿಗೆ ಬಂದಷ್ಟು ಹಾಕುತ್ತಿದ್ದರು, ಕೆಲವರಂತೂ ಒಂದೇ ಸಲಕ್ಕೆ ಎಲ್ಲವನ್ನೂ ಪಣಕ್ಕಿಟ್ಟಿದ್ದರು.

ಗೆಲುವಿನ ಪ್ರಮಾಣ ಖಚಿತವಾಗಿ ಗೊತ್ತಿದ್ದ ಆಟದ ಕಥೆ ಇದು. ಷೇರು ಪೇಟೆಯಲ್ಲಾಗಲಿ, ಕ್ರಿಕೆಟ್ ಬೆಟ್ಟಿಂಗ್‌ನಲ್ಲಾಗಲಿ ಆ ಪ್ರಮಾಣವನ್ನು ಯಾರೂ ನಿಮಗೆ ಮೊದಲೇ ಹೇಳುವುದಿಲ್ಲ.

‘100ರಲ್ಲಿ 60’ ನಿಜವಾಗಿ ಎಷ್ಟು?

ಸರಿಯಾದ ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ಹೆಡ್ ಬೀಳಲೇಬೇಕೆಂದಿಲ್ಲ. 46 ಬೀಳಬಹುದು, 57 ಬೀಳಬಹುದು. ಹಾಗೆಯೇ ಒಂದು ಸ್ಟ್ರಾಟಜಿ 100ರಲ್ಲಿ 60 ಗೆದ್ದಿದೆ ಎಂದರೆ, ಅದರ ನಿಜವಾದ ಗೆಲುವಿನ ಪ್ರಮಾಣ ಶೇ 50ರಿಂದ 70ರ ನಡುವೆ ಎಲ್ಲಾದರೂ ಇರಬಹುದು ಎಂದಷ್ಟೇ ಸಂಖ್ಯಾಶಾಸ್ತ್ರ ಹೇಳುತ್ತದೆ. ಈ ಅಂತರವನ್ನು ಶೇ 58ರಿಂದ 62ಕ್ಕೆ ಇಳಿಸಬೇಕಾದರೆ 100 ಟ್ರೇಡ್ ಸಾಲದು, ಸುಮಾರು 2,300 ಬೇಕು. ಅಷ್ಟು ಹೊತ್ತಿಗೆ ಪೇಟೆಯ ಗಾಳಿಯೇ ಬದಲಾಗಿರಬಹುದು.

ಇದರ ಮೇಲೆ ಇನ್ನೊಂದು ಸಮಸ್ಯೆ ಇದೆ. ಹತ್ತಾರು ಸ್ಟ್ರಾಟಜಿಗಳನ್ನು ಹಳೆಯ ಅಂಕಿಅಂಶದ ಮೇಲೆ ಓಡಿಸಿ ನೋಡಿ, ಅವುಗಳಲ್ಲಿ ಚೆನ್ನಾಗಿ ಗೆದ್ದದ್ದನ್ನು ಮಾತ್ರ ಜನ ಹಂಚುತ್ತಾರೆ. ಹಾಗೆ ಆರಿಸಿ ತೆಗೆದದ್ದರಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ. ಆದ್ದರಿಂದ ನಿಜವಾದ ಪ್ರಮಾಣ 60ಕ್ಕಿಂತ ಮೇಲಿರುವುದಕ್ಕಿಂತ ಕೆಳಗಿರುವ ಸಾಧ್ಯತೆಯೇ ಹೆಚ್ಚು.

ಅರ್ಧ ಹಾಕಿದರೆ ಏನಾಗುತ್ತದೆ?

ಈಗ ಮೂವರನ್ನು ಕಲ್ಪಿಸಿಕೊಳ್ಳಿ. ಮೂವರ ಬಳಿಯೂ 10,000 ರೂಪಾಯಿ ಇದೆ. ಮೂವರೂ ‘ಶೇ 60 ಗೆಲುವು’ ಎಂಬ ಸಂದೇಶವನ್ನು ನಂಬಿದ್ದಾರೆ. ಮೊದಲನೆಯವರು ಸೂತ್ರ ಹೇಳಿದಷ್ಟೇ, ಅಂದರೆ ಶೇ 20 ಹಾಕುತ್ತಾರೆ. ಎರಡನೆಯವರು ಅದರ ಅರ್ಧ, ಶೇ 10. ಮೂರನೆಯವರು ಕಾಲು ಭಾಗ, ಶೇ 5. ಇವನ್ನು ಪೂರ್ಣ ಕೆಲ್ಲಿ, ಅರ್ಧ ಕೆಲ್ಲಿ, ಕಾಲು ಕೆಲ್ಲಿ ಎನ್ನುತ್ತಾರೆ. 100 ಸಲ ಆಡಿದ ಮೇಲೆ ಅವರ ಬಳಿ ಉಳಿಯುವುದು ಸುಮಾರು ಇಷ್ಟು:

- ನಿಜಕ್ಕೂ 60 ಸಲ ಗೆದ್ದರೆ: ಪೂರ್ಣ 75,000, ಅರ್ಧ 45,000, ಕಾಲು 24,000
- 55 ಸಲ ಮಾತ್ರ ಗೆದ್ದರೆ: ಪೂರ್ಣ 9,900, ಅರ್ಧ 16,500, ಕಾಲು 14,600
- 52 ಸಲ ಗೆದ್ದರೆ: ಪೂರ್ಣ 2,900, ಅರ್ಧ 9,000, ಕಾಲು 10,800

ಎರಡನೆಯ ಸಾಲನ್ನು ಇನ್ನೊಮ್ಮೆ ನೋಡಿ. 100ರಲ್ಲಿ 55 ಗೆಲ್ಲುವುದು ಒಳ್ಳೆಯ ಸ್ಟ್ರಾಟಜಿಯೇ. ಆದರೆ ಅದನ್ನು 60 ಎಂದು ನಂಬಿ ಪೂರ್ಣ ಪಾಲು ಹಾಕಿದವರಿಗೆ ಏನೂ ಸಿಗಲಿಲ್ಲ, ಅರ್ಧ ಹಾಕಿದವರ ಹಣ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಕಾರಣ ನಾವು ಆಗಲೇ ನೋಡಿದ್ದೇ: ಶೇ 55ಕ್ಕೆ ಸರಿಯಾದ ಪಾಲು ಶೇ 10, ಶೇ 20 ಎಂದರೆ ಅದರ ಎರಡು ಪಟ್ಟು. ಅಂದಾಜಿನಲ್ಲಿ ಆದ ಬರೀ ಐದರ ವ್ಯತ್ಯಾಸ ಅವರನ್ನು ಗುಡ್ಡದ ಆಚೆ ಬದಿಗೆ ತಳ್ಳಿಬಿಟ್ಟಿತು.

ಹಾಗಾದರೆ ಅರ್ಧ ಹಾಕುವುದರಿಂದ ಕಳೆದುಕೊಳ್ಳುವುದೇನು? ಅಂದಾಜು ಪೂರ್ತಿ ಸರಿಯಿದ್ದರೆ ಬೆಳವಣಿಗೆಯ ವೇಗದಲ್ಲಿ ಕಾಲು ಭಾಗ ಮಾತ್ರ ಕಡಿಮೆಯಾಗುತ್ತದೆ, ಮುಕ್ಕಾಲು ಭಾಗ ಹಾಗೇ ಉಳಿಯುತ್ತದೆ. ಗುಡ್ಡದ ತುದಿ ಚೂಪಾಗಿಲ್ಲ, ಸ್ವಲ್ಪ ಚಪ್ಪಟೆಯಾಗಿದೆ ಎನ್ನುವುದೇ ಇದಕ್ಕೆ ಕಾರಣ. (100 ಸಲದಲ್ಲಿ ಈ ಕಾಲು ಭಾಗವೂ ಚಕ್ರಬಡ್ಡಿಯಂತೆ ಸೇರಿ 75,000 ಮತ್ತು 45,000ದ ಅಂತರವಾಗುತ್ತದೆ.)

ನಿದ್ದೆಗೆಡಿಸುವ ಏರಿಳಿತವೂ ಕಡಿಮೆಯಾಗುತ್ತದೆ. ಅಂದಾಜು ಸರಿಯಾಗಿಯೇ ಇದ್ದರೂ ಪೂರ್ಣ ಕೆಲ್ಲಿ ಹಾಕುವವರ ಹಣ ಎಂದಾದರೊಮ್ಮೆ ಆರಂಭದ ಮೊತ್ತದ ಅರ್ಧಕ್ಕೆ ಇಳಿಯುವ ಸಾಧ್ಯತೆ ಸುಮಾರು 2ರಲ್ಲಿ 1. ಅರ್ಧ ಕೆಲ್ಲಿಯಲ್ಲಿ ಅದು ಸುಮಾರು 8ರಲ್ಲಿ 1. ಹಣ ಅರ್ಧವಾದಾಗ ಸೂತ್ರಕ್ಕೆ ಅಂಟಿಕೊಂಡು ಕೂರುವುದು ಸುಲಭವಲ್ಲ. ಒಂದೋ ಭಯದಿಂದ ಬಿಟ್ಟುಬಿಡುತ್ತಾರೆ, ಇಲ್ಲವೇ ಹೋದದ್ದನ್ನು ಒಂದೇ ಏಟಿಗೆ ವಾಪಸ್ ಪಡೆಯಲು ಇನ್ನೂ ಹೆಚ್ಚು ಹಾಕುತ್ತಾರೆ.

ಕೆಲ್ಲಿ ಸೂತ್ರವನ್ನು ನಿಜವಾಗಿ ಬಳಸಿ ಹೆಸರಾದವರು ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ. 1960ರ ದಶಕದಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟದಲ್ಲಿ ಆಗಿಹೋದ ಎಲೆಗಳನ್ನು ಲೆಕ್ಕವಿಟ್ಟು, ಗೆಲುವಿನ ಸಾಧ್ಯತೆ ತಮ್ಮ ಕಡೆ ವಾಲಿದಾಗ ಮಾತ್ರ ಹೆಚ್ಚು ಹಣ ಹಾಕುತ್ತಿದ್ದರು. ಅಲ್ಲಿ ಸಾಧ್ಯತೆಯನ್ನು ಗಣಿತದಿಂದಲೇ ತಿಳಿಯಬಹುದು, ಯಾಕೆಂದರೆ ಕಟ್ಟಿನಲ್ಲಿ ಎಷ್ಟು ಎಲೆ ಇವೆ ಎಂದು ಗೊತ್ತಿರುತ್ತದೆ. ಆದರೆ ಷೇರು ಪೇಟೆಯಂತೆ ಸಾಧ್ಯತೆ ಬರೀ ಅಂದಾಜಾಗಿರುವ ಕಡೆ ಪೂರ್ಣ ಪಾಲಿಗಿಂತ ಕಡಿಮೆ ಹಾಕುವುದೇ ಲೇಸು ಎಂದು ಅವರೇ ಬರೆದಿದ್ದಾರೆ.

ಅರ್ಧ ಹಾಕಿದರೆ ಎಲ್ಲವೂ ಸುರಕ್ಷಿತವೇ?

ಇಲ್ಲ. ಪಟ್ಟಿಯ ಕೊನೆಯ ಸಾಲಿನಲ್ಲಿ ಅರ್ಧ ಹಾಕಿದವರೂ 1,000 ರೂಪಾಯಿ ಕಳೆದುಕೊಂಡಿದ್ದಾರೆ. ನಿಜವಾದ ಗೆಲುವು ಶೇ 50 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅರ್ಧ, ಕಾಲು ಯಾವುದೂ ಕಾಪಾಡುವುದಿಲ್ಲ, ನಷ್ಟ ನಿಧಾನವಾಗುತ್ತದೆ ಅಷ್ಟೇ. ಬ್ರೋಕರೇಜ್, ತೆರಿಗೆ ಕಳೆದ ಮೇಲಿನ ಲೆಕ್ಕವನ್ನೇ ನೋಡಬೇಕು. ಗೆದ್ದಾಗ 80 ರೂಪಾಯಿ, ಸೋತಾಗ 100 ರೂಪಾಯಿ ಹೋಗುವಂತಿದ್ದರೆ ಶೇ 55 ಗೆದ್ದರೂ ಕೆಲ್ಲಿ ಸೂತ್ರ ‘ಹಾಕಬೇಡಿ’ ಎಂದೇ ಹೇಳುತ್ತದೆ.

ಈ ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ ನಮ್ಮ ದೇಶದ್ದೇ ಲೆಕ್ಕವಿದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಅವರು ಒಟ್ಟಾಗಿ ಕಳೆದುಕೊಂಡದ್ದು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇಂಥ ಕಡೆ ‘ನಮ್ಮದು ಶೇ 60 ಗೆಲ್ಲುತ್ತದೆ’ ಎಂದು ಯಾರಾದರೂ ಹೇಳಿದರೆ, ಮೊದಲು ಅನುಮಾನಿಸಬೇಕಾದದ್ದು ಆ 60 ಅನ್ನೇ.

ಆದ್ದರಿಂದ ಇಂಥ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಆ ಗೆಲುವಿನ ಪ್ರಮಾಣ ಎಷ್ಟು ಟ್ರೇಡ್‌ಗಳ ಮೇಲಿನದು? ಗೆದ್ದಾಗ ಎಷ್ಟು ಬರುತ್ತದೆ, ಸೋತಾಗ ಎಷ್ಟು ಹೋಗುತ್ತದೆ, ಅದೂ ಖರ್ಚೆಲ್ಲ ಕಳೆದು? ಆ ಪ್ರಮಾಣ ಐದು ಕಡಿಮೆಯಾದರೆ ಹೇಳಿದ ಪಾಲು ಹಾಕಿದವರ ಗತಿ ಏನು? ಮೂರಕ್ಕೂ ಉತ್ತರವಿಲ್ಲದ ಸಂದೇಶದಲ್ಲಿ ಸೂತ್ರ ಎಷ್ಟೇ ಸರಿಯಿದ್ದರೂ, ಅದನ್ನು ನಂಬಿ ಹಾಕಬಹುದಾದ ಪಾಲು ಸೊನ್ನೆ.